ವಾಕ್ಯವನ್ನು ಕೊನೆಯಿಂದ ಬಿಚ್ಚುವುದು

"ನಿನ್ನೆ ಬ್ಯಾಂಕಿಗೆ ಬಂದಿದ್ದ ಹೆಂಗಸು ಸಲ್ಲಿಸಿದ ಅರ್ಜಿಯನ್ನು ನಾನು ಮ್ಯಾನೇಜರಿಗೆ ಕೊಟ್ಟೆ." ಕನ್ನಡದಲ್ಲಿ ಈ ವಾಕ್ಯ ಕೇಳಿದವರು ಯಾರೂ ತಡವರಿಸುವುದಿಲ್ಲ. ಇದೇ ಪದಗಳನ್ನು ಇದ್ದ ಜಾಗದಲ್ಲೇ ಇಂಗ್ಲಿಷಿಗೆ ಬದಲಾಯಿಸಿದರೆ "ಯೆಸ್ಟರ್‌ಡೇ ಬ್ಯಾಂಕ್ ಕೇಮ್ ವುಮನ್ ಸಬ್ಮಿಟೆಡ್ ಅಪ್ಲಿಕೇಶನ್ ಐ ಮ್ಯಾನೇಜರ್ ಗೇವ್" ಎಂದಾಗುತ್ತದೆ. ಒಂದೊಂದು ಪದದ ಅರ್ಥವೂ ಸರಿಯಾಗಿದೆ, ಆದರೆ ಯಾರು ಯಾರಿಗೆ ಏನು ಕೊಟ್ಟರು ಎಂಬುದೇ ತಿಳಿಯದು.

ಕನ್ನಡದಲ್ಲಿ ಅದನ್ನು ತಿಳಿಸುವುದು ವಿಭಕ್ತಿ ಪ್ರತ್ಯಯ. "ರಾಮು ಶಾಮುವನ್ನು ಕರೆದ" ಎಂದರೂ "ಶಾಮುವನ್ನು ರಾಮು ಕರೆದ" ಎಂದರೂ ಕರೆದವನು ರಾಮುವೇ. ಇಂಗ್ಲಿಷಿನ "ರಾಮು ಕಾಲ್ಡ್ ಶಾಮು" ಎಂಬುದರಲ್ಲಿ ಹೆಸರುಗಳನ್ನು ಅದಲುಬದಲು ಮಾಡಿ ನೋಡಿ, ಕರೆದವನೇ ಬೇರೆಯಾಗುತ್ತಾನೆ. ಅಲ್ಲಿ ಪದದ ಜಾಗವೇ ವಿಭಕ್ತಿಯ ಕೆಲಸ ಮಾಡುತ್ತದೆ.

ಹಾಗಾಗಿ ಬ್ಯಾಂಕಿನ ವಾಕ್ಯವನ್ನು ಕೊನೆಯಿಂದ ಬಿಚ್ಚಬೇಕು. ಕೊನೆಯ ಕ್ರಿಯಾಪದ "ಕೊಟ್ಟೆ". ಕೊಟ್ಟವರು ಯಾರು? "ನಾನು". ಇವೆರಡನ್ನೂ ಮೊದಲು ಜೊತೆಗೂಡಿಸಿ: "ಐ ಗೇವ್". ಯಾರಿಗೆ, ಏನನ್ನು? "ದಿ ಮ್ಯಾನೇಜರ್ ದಿ ಅಪ್ಲಿಕೇಶನ್". ವಾಕ್ಯದ ಬೆನ್ನೆಲುಬು ಇಷ್ಟೇ. ಉಳಿದದ್ದೆಲ್ಲ ಅರ್ಜಿಯ ವಿವರಣೆ. ಕನ್ನಡ ಈ ವಿವರಣೆಯನ್ನು ನಾಮಪದದ ಹಿಂದೆಯೇ ಹೇಳಿ ಮುಗಿಸಿಬಿಡುತ್ತದೆ, ಇಂಗ್ಲಿಷ್ ನಾಮಪದವನ್ನು ಮೊದಲು ಹೇಳಿ ವಿವರಣೆಯನ್ನು ಆಮೇಲೆ ತರುತ್ತದೆ. ಆದ್ದರಿಂದ "ಅರ್ಜಿ"ಯಿಂದ ಹೊರಟು ಹಿಂದಕ್ಕೆ ನಡೆಯಬೇಕು. ಎಂಥ ಅರ್ಜಿ? ಹೆಂಗಸು ಸಲ್ಲಿಸಿದ್ದು. ಯಾವ ಹೆಂಗಸು? ಬ್ಯಾಂಕಿಗೆ ಬಂದಿದ್ದವಳು. ಯಾವಾಗ ಬಂದಿದ್ದು? ನಿನ್ನೆ.

ಕನ್ನಡದಲ್ಲಿಲ್ಲದ "ದ್ಯಾಟ್", "ಹೂ" ಎಂಬ ಕೊಂಡಿಗಳನ್ನು ಇಲ್ಲಿ ನಾವೇ ಹಾಕಬೇಕು. ತೊಡಕು ಇರುವುದೂ ಇಲ್ಲೇ. "ದಿ ಅಪ್ಲಿಕೇಶನ್ ದ್ಯಾಟ್ ದಿ ವುಮನ್ ಹೂ ಕೇಮ್ ಟು ದಿ ಬ್ಯಾಂಕ್ ಯೆಸ್ಟರ್‌ಡೇ ಸಬ್ಮಿಟೆಡ್" ಎಂದು ಬರೆದರೆ ವ್ಯಾಕರಣ ತಪ್ಪಲ್ಲ. ಆದರೆ "ವುಮನ್" ಮತ್ತು "ಸಬ್ಮಿಟೆಡ್" ನಡುವೆ ಇನ್ನೊಂದು ಇಡೀ ಉಪವಾಕ್ಯ ಸಿಕ್ಕಿಕೊಂಡಿದೆ, ಓದುವವರು ಆ ಹೆಂಗಸನ್ನು ಅಷ್ಟು ಹೊತ್ತು ನೆನಪಿನಲ್ಲಿ ಹಿಡಿದಿಡಬೇಕು. ಸಲ್ಲಿಸಿದ್ದನ್ನು ಕರ್ಮಣಿಗೆ ತಿರುಗಿಸಿದರೆ ಸಿಕ್ಕು ಬಿಡುತ್ತದೆ: "ಐ ಗೇವ್ ದಿ ಮ್ಯಾನೇಜರ್ ದಿ ಅಪ್ಲಿಕೇಶನ್ ಸಬ್ಮಿಟೆಡ್ ಬೈ ದಿ ವುಮನ್ ಹೂ ಕೇಮ್ ಟು ದಿ ಬ್ಯಾಂಕ್ ಯೆಸ್ಟರ್‌ಡೇ." ಮ್ಯಾನೇಜರನ್ನು ಮುಂದೆ ತಂದದ್ದಕ್ಕೂ ಕಾರಣವಿದೆ. "ಟು ದಿ ಮ್ಯಾನೇಜರ್" ಎಂದು ಕೊನೆಗೆ ಬಿಟ್ಟಿದ್ದರೆ ಅದು ಇಷ್ಟುದ್ದದ ವಿವರಣೆಯ ಆಚೆ ತುದಿಯಲ್ಲಿ, "ಗೇವ್"ನಿಂದ ಬಹು ದೂರ ಉಳಿದುಬಿಡುತ್ತಿತ್ತು. ಇಂಗ್ಲಿಷ್ ವಾಕ್ಯದಲ್ಲಿ ಉದ್ದನೆಯ, ಭಾರದ ಭಾಗ ಕೊನೆಯಲ್ಲಿದ್ದರೆ ಓದು ಸಲೀಸು.

"ನಿನ್ನೆ"ಯ ಮೇಲೆ ವಿಶೇಷ ಕಣ್ಣಿಡಬೇಕು. ಕನ್ನಡದಲ್ಲಿ ಅದೇ ಮೊದಲ ಪದ, ಇಂಗ್ಲಿಷಿನಲ್ಲಿ ಕೊನೆಯದಾಯಿತು. ಅದೊಂದನ್ನು ಮೊದಲಲ್ಲೇ ಉಳಿಸಿ "ಯೆಸ್ಟರ್‌ಡೇ ಐ ಗೇವ್..." ಎಂದು ಶುರುಮಾಡಿದರೆ ಇಂಗ್ಲಿಷ್ ಚೆನ್ನಾಗಿಯೇ ಕೇಳಿಸುತ್ತದೆ, ಆದರೆ ನಿನ್ನೆ ನಡೆದದ್ದು ಹೆಂಗಸು ಬಂದದ್ದಲ್ಲ, ನಾನು ಕೊಟ್ಟದ್ದು ಎಂದಾಗುತ್ತದೆ. ವಾಕ್ಯ ಸರಾಗವಾಗಿರುವುದರಿಂದ ಈ ತಪ್ಪು ಕಣ್ತಪ್ಪಿಸಿಕೊಳ್ಳುತ್ತದೆ. ಬರೆದಾದ ಮೇಲೆ ಪ್ರತಿ ಕ್ರಿಯಾಪದಕ್ಕೂ "ಯಾವಾಗ?" ಎಂದು ಕೇಳಿ, ಮೂಲದ ಉತ್ತರಕ್ಕೆ ತಾಳೆ ನೋಡಿದರೆ ಸಿಕ್ಕಿಬೀಳುತ್ತದೆ.

ಕೊಂಡಿಯ ಆಯ್ಕೆಯಲ್ಲೂ ಇಂಥದೇ ಎಚ್ಚರ ಬೇಕು. "ನಾವು ಊಟ ಮಾಡಿದ ಹೋಟೆಲ್", "ನಾವು ಬಂದ ಬಸ್ಸು", "ನಾವು ನೋಡಿದ ಸಿನಿಮಾ" ಮೂರಕ್ಕೂ ಕನ್ನಡದಲ್ಲಿ ಒಂದೇ ಅಚ್ಚು. ಇಂಗ್ಲಿಷಿನಲ್ಲಿ ಹೋಟೆಲಿಗೆ "ವೇರ್" ಬೇಕು, ಬಸ್ಸಿಗೆ ಕೊನೆಯಲ್ಲಿ ಒಂದು "ಇನ್" ಬೇಕು, ಸಿನಿಮಾಕ್ಕೆ ಏನೂ ಬೇಕಿಲ್ಲ. "ದಿ ಬಸ್ ವಿ ಕೇಮ್" ಎಂದು ನಿಲ್ಲಿಸಿಬಿಡುವವರು ಬಹಳ. ಬಿಡಿಸಿ ಹೇಳಿಕೊಂಡರೆ ಏನು ಬಿಟ್ಟುಹೋಗಿದೆ ಎಂಬುದು ತಿಳಿಯುತ್ತದೆ: ನಾವು ಬಸ್ಸಿ"ನಲ್ಲಿ" ಬಂದೆವು. ಆ "ಅಲ್ಲಿ"ಯೇ ಇಂಗ್ಲಿಷಿನ "ಇನ್".

ಕವಿ ಎ.ಕೆ. ರಾಮಾನುಜನ್ ಅವರು ತಮಿಳು ಕವಿತೆಗಳನ್ನು ಇಂಗ್ಲಿಷಿಗೆ ತರುವ ಬಗ್ಗೆ ಬರೆಯುತ್ತ ಇದನ್ನೇ ವಿವರಿಸಿದ್ದಾರೆ. ತಮಿಳು ವಾಕ್ಯ ಎಡಕ್ಕೆ ಕವಲೊಡೆದರೆ ಇಂಗ್ಲಿಷ್ ವಾಕ್ಯ ಬಲಕ್ಕೆ, ಒಂದರ ಕ್ರಮ ಇನ್ನೊಂದಕ್ಕೆ ಕನ್ನಡಿಯ ಬಿಂಬದಂತೆ ತಿರುವುಮುರುವು. ಕನ್ನಡಕ್ಕೂ ಈ ಮಾತು ಹಾಗೇ ಸಲ್ಲುತ್ತದೆ.

ಆದರೆ ಎಲ್ಲವನ್ನೂ ಕಣ್ಣುಮುಚ್ಚಿ ತಿರುಗಿಸುವ ಹಾಗಿಲ್ಲ. "ಈ ಮನೆ ಕಟ್ಟಿಸಿದ್ದು ನಮ್ಮಜ್ಜ" ಎಂಬಲ್ಲಿ ಒತ್ತು ಅಜ್ಜನ ಮೇಲಿದೆ. "ಮೈ ಗ್ರ್ಯಾಂಡ್‌ಫಾದರ್ ಬಿಲ್ಟ್ ದಿಸ್ ಹೌಸ್" ಎಂದರೆ ಪದಗಳ ಕ್ರಮ ಸರಿ, ಬರಹದಲ್ಲಿ ಒತ್ತು ಮಾತ್ರ ಕಾಣುವುದಿಲ್ಲ. "ಇಟ್ ವಾಸ್ ಮೈ ಗ್ರ್ಯಾಂಡ್‌ಫಾದರ್ ಹೂ ಬಿಲ್ಟ್ ದಿಸ್ ಹೌಸ್" ಎಂದರೆ ಅದು ಉಳಿಯುತ್ತದೆ. ಮಾತು ಮೊದಲಿಂದಲೂ ಮನೆಯ ಸುತ್ತಲೇ ನಡೆದು, ನಡುವೆ "ಈ ಮನೆಯನ್ನು ನಮ್ಮಜ್ಜ ಕಟ್ಟಿಸಿದರು" ಎಂದು ಬಂದಿದ್ದರೆ ಇಂಗ್ಲಿಷಿನಲ್ಲೂ ಮನೆಯನ್ನೇ ಮುಂದಿಟ್ಟು "ದಿಸ್ ಹೌಸ್ ವಾಸ್ ಬಿಲ್ಟ್ ಬೈ ಮೈ ಗ್ರ್ಯಾಂಡ್‌ಫಾದರ್" ಎನ್ನುವುದೇ ಸರಿ. ಇದರಲ್ಲಿ ಯಾವುದು ಬೇಕು ಎಂಬುದನ್ನು ಆ ಒಂದು ವಾಕ್ಯ ಹೇಳಲಾರದು, ಅದರ ಹಿಂದಿನ ವಾಕ್ಯವನ್ನು ಓದಿಯೇ ತೀರ್ಮಾನಿಸಬೇಕು.