ಮೂರು ವಯಸ್ಸಿಗೆ ಒಂದೇ ಪುಸ್ತಕ

ಮಕ್ಕಳ ಪುಸ್ತಕದ ಹಿಂಬದಿಯಲ್ಲಿ ‘6ರಿಂದ 8 ವರ್ಷ’ ಎಂದೋ ‘ಹಂತ 2’ ಎಂದೋ ಅಚ್ಚಾಗಿರುತ್ತದೆ. ರಾತ್ರಿ ಊಟವಾದ ಮೇಲೆ ಮಕ್ಕಳನ್ನೆಲ್ಲ ಕೂರಿಸಿಕೊಂಡು ಕಥೆ ಓದಬೇಕೆನ್ನುವ ಮನೆಯವರು ಮೊದಲು ತೊಡಕಿಗೆ ಸಿಕ್ಕಿಕೊಳ್ಳುವುದು ಇಲ್ಲೇ. ಮನೆಯಲ್ಲಿ 12 ವರ್ಷದ ಅಕ್ಕ, 8 ವರ್ಷದ ತಮ್ಮ, 4 ವರ್ಷದ ಪುಟ್ಟಿ ಇದ್ದಾರೆ ಎಂದುಕೊಳ್ಳಿ. ಯಾರ ವಯಸ್ಸು ನೋಡಿ ಪುಸ್ತಕ ಕೊಳ್ಳುವುದು?

ಆ ಅಂಕಿ ಮಗು ತಾನೇ ಓದಿಕೊಳ್ಳುವುದಕ್ಕೆ ಹಾಕಿದ ಲೆಕ್ಕ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು ತಮ್ಮ ಪುಸ್ತಕಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿರುವುದೂ ಓದುವ ಶಕ್ತಿಯನ್ನು ನೋಡಿಯೇ. ಕಿವಿಯ ಲೆಕ್ಕ ಬೇರೆ. ಒತ್ತಕ್ಷರ ಬಂದಲ್ಲಿ ತಡವರಿಸುವ 8 ವರ್ಷದ ಹುಡುಗ, ಯಾರಾದರೂ ಓದಿ ಹೇಳಿದರೆ ದೊಡ್ಡವರ ಕಾದಂಬರಿಯ ಅಧ್ಯಾಯವನ್ನೂ ಅರಗಿಸಿಕೊಳ್ಳುತ್ತಾನೆ. ಅಕ್ಷರವೇ ಬಾರದ ಪುಟ್ಟಿ ಅಜ್ಜಿ ಹೇಳುವ ಉದ್ದದ ಕಥೆಯನ್ನು ಎಳೆ ತಪ್ಪದೆ ಹಿಂಬಾಲಿಸುತ್ತಾಳೆ. ಆದ್ದರಿಂದ ಎಲ್ಲರೂ ಕೂತು ಕೇಳುವ ಪುಸ್ತಕವನ್ನು ನಡುವಿನ ಮಗು ತಾನೇ ಓದಬಲ್ಲದ್ದಕ್ಕಿಂತ ಒಂದು ಹಂತ ಮೇಲಿನದನ್ನೇ ಆರಿಸಬೇಕು. ತೀರಾ ಚಿಕ್ಕವಳಿಗೆ ಸರಿಯಾಗಲೆಂದು ಕೆಳಗಿಳಿದರೆ ಅಕ್ಕ ಎರಡನೇ ದಿನಕ್ಕೇ ಎದ್ದು ಹೋಗುತ್ತಾಳೆ. ಅವಳ ಹಿಂದೆ ತಮ್ಮನೂ ಹೋಗುತ್ತಾನೆ.

ಹಾಗಾದರೆ ಪುಟ್ಟಿಯನ್ನು ಹಿಡಿದಿಡುವುದು ಯಾವುದು? ಸದ್ದು. ಕಥೆಯ ಗಂಟು ದೊಡ್ಡವರಿಗೆ, ಮರಳಿ ಮರಳಿ ಬರುವ ಮಾತು ಚಿಕ್ಕವರಿಗೆ. ಎರಡೂ ಒಂದೇ ಪುಸ್ತಕದಲ್ಲಿದ್ದರೆ ಅದು ಇಡೀ ಮನೆಗೆ ಆಗುವ ಪುಸ್ತಕ.

ಕನ್ನಡದಲ್ಲಿ ಇದಕ್ಕೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇಂಗ್ಲಿಷ್ ಕವಿ ಬ್ರೌನಿಂಗ್ ಪದ್ಯವಾಗಿಸಿದ್ದ ಹ್ಯಾಮೆಲಿನ್ ಊರಿನ ಕಥೆಯನ್ನು ಕುವೆಂಪು ತುಂಗೆಯ ದಡಕ್ಕೆ ತಂದು ನೆಟ್ಟರು. ಪುಟ್ಟಿಗೆ ಬೇಕಾದದ್ದು ಇಲಿಗಳ ಹಾವಳಿ, ಬಗೆಬಗೆಯ ಇಲಿಗಳ ದಂಡು, ಓದುವವರ ಬಾಯಲ್ಲಿ ಓಡುವ ಆ ಲಯ. ಪದಗಳಲ್ಲಿ ಕೆಲವು ಅವಳಿಗೆ ತಿಳಿಯದಿದ್ದರೂ ಚಿಂತೆಯಿಲ್ಲ. ತಮ್ಮನಿಗೆ ಬೇಕಾದದ್ದು ನ್ಯಾಯ: ಕೊಡುತ್ತೇನೆಂದ ಹಣವನ್ನು ಗೌಡ ಕೊಡಲಿಲ್ಲ ಎಂದಾಗ ಅವನು ಸಿಟ್ಟಿಗೇಳುತ್ತಾನೆ. ಅಕ್ಕ ಒಂದು ಹೆಜ್ಜೆ ಮುಂದೆ ಹೋಗಿ, ತಪ್ಪು ಗೌಡನದಾದರೆ ಜೋಗಿ ಮಕ್ಕಳನ್ನು ಯಾಕೆ ಕರೆದುಕೊಂಡು ಹೋದ ಎಂದು ಕೇಳುತ್ತಾಳೆ. ಸುಲಭದಲ್ಲಿ ಉತ್ತರ ಸಿಗದ ಪ್ರಶ್ನೆ ಅದು. ಹಿರಿಯ ಮಗುವಿಗೆ ಇಂಥ ಒಂದು ಪ್ರಶ್ನೆಯನ್ನು ಬಿಟ್ಟುಕೊಡುವ ಪುಸ್ತಕವನ್ನೇ ಹುಡುಕಬೇಕು.

ತೊಡಕಿರುವುದೂ ಅಲ್ಲೇ. ಊರಿನ ಮಕ್ಕಳು ಬೆಟ್ಟದೊಳಗೆ ಮರೆಯಾಗುವ ಕೊನೆ 4 ವರ್ಷದವಳಿಗೆ ಭಾರ. ಆ ವಯಸ್ಸಿನ ಮಗುವಿಗೆ ರಾಕ್ಷಸ, ಹುಲಿಗಳಿಗಿಂತ ದೊಡ್ಡ ಭಯವೆಂದರೆ ಅಮ್ಮನಿಂದ ದೂರವಾಗುವುದು. ಭಯ ಹುಟ್ಟಿದೆಯೇ ಎಂಬುದು ಓದುವಾಗ ಗೊತ್ತಾಗುವುದಿಲ್ಲ. ಮಲಗುವಾಗ “ಅವರಮ್ಮ ಎಲ್ಲಿ ಹೋದ್ರು?” ಎಂದು ಮತ್ತೆ ಮತ್ತೆ ಕೇಳಿದರೆ, ಮರುದಿನ ಆ ಪುಸ್ತಕ ಬೇಡವೆಂದು ಹಟ ಹಿಡಿದರೆ ತಿಳಿಯುತ್ತದೆ. ಇದಕ್ಕೆ ಕೊನೆಯನ್ನು ತಿದ್ದಿ ಹೇಳುವುದು ಬೇಡ. ಪುಸ್ತಕ ಗೊತ್ತಿರುವ ಅಕ್ಕನ ಎದುರು ಅದು ಸುಳ್ಳಾಗುತ್ತದೆ. ಮೊದಲ ದಿನ ಇಲಿಗಳು ಹೊಳೆಗೆ ಬೀಳುವಲ್ಲಿಗೆ ನಿಲ್ಲಿಸಿದರಾಯಿತು. ಅಲ್ಲಿಗೆ ಕಥೆಗೆ ಒಂದು ಮುಗಿತಾಯ ಸಿಗುತ್ತದೆ. ಉಳಿದದ್ದನ್ನು ಇನ್ನೊಂದು ಸಂಜೆ, ಇನ್ನೂ ಬೆಳಕಿರುವಾಗ, ಪುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಓದಬಹುದು.

ಪುಟ್ಟ ಮಕ್ಕಳಿಗೆ ಇನ್ನೊಂದು ಬಗೆಯ ಕಥೆಯೂ ಚೆನ್ನಾಗಿ ಹಿಡಿಸುತ್ತದೆ. ಪಂಜೆ ಮಂಗೇಶರಾಯರ ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಕಥೆಯಲ್ಲಿ ಪ್ರಶ್ನೆಗೊಂದು ಕಾರಣ, ಆ ಕಾರಣಕ್ಕೆ ಮತ್ತೊಂದು ಪ್ರಶ್ನೆ, ಹೀಗೆ ಸರಪಳಿ ಬೆಳೆಯುತ್ತದೆ. ಮೂರನೆಯ ಕೊಂಡಿಗೆ ಬರುವಷ್ಟರಲ್ಲಿ ಓದುವವರಿಗಿಂತ ಮೊದಲೇ ಪುಟ್ಟಿ ಪ್ರಶ್ನೆ ಕೇಳಲು ಬಾಯಿ ತೆರೆದಿರುತ್ತಾಳೆ. ಅಕ್ಕನಿಗೆ ಇದು ಸಪ್ಪೆ, ನಿಜ. ಅದಕ್ಕೇ ಇಂಥದ್ದನ್ನು ಅಕ್ಕನ ಕೈಗೆ ಕೊಟ್ಟು ಓದಿಸಬೇಕು. ಕೇಳಲು ಬೇಸರವಾಗುವ ಕಥೆಯನ್ನು ತಂಗಿಗೆ ಓದಿ ಹೇಳುವುದರಲ್ಲಿ ಅವಳಿಗೇ ಬೇರೆ ಸುಖವಿದೆ.

ಕಥೆಯ ಹೊತ್ತಿನ ಕೊನೆಯ ಪಾಲು ದೊಡ್ಡವರದು. ಚಿಕ್ಕವಳು ಅಷ್ಟರಲ್ಲಿ ನಿದ್ದೆಗೆ ಜಾರಿದರೂ ನಷ್ಟವಿಲ್ಲ. ಅದಕ್ಕೆ ನಾನು ಸೂಚಿಸುವುದು ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’. ಅದನ್ನು ಮಕ್ಕಳಿಗೆಂದು ಬರೆದದ್ದಲ್ಲ. ಆದರೆ ಪ್ರತಿಯೊಂದು ಕತೆಯೂ ಸ್ವತಂತ್ರವಾದ್ದರಿಂದ ಮೂರು ದಿನ ಓದು ತಪ್ಪಿದರೂ ಎಳೆ ಕಡಿಯುವುದಿಲ್ಲ. ಮಾತಿನ ಧಾಟಿಯಲ್ಲಿರುವುದರಿಂದ ಬಾಯಿಗೆ ಸಲೀಸು. ಕಿವಿ ಎಂಬ ನಾಯಿ ಬಂದರೆ ತಮ್ಮ ನೆಟ್ಟಗೆ ಕೂರುತ್ತಾನೆ. ಬೇಟೆಯ, ಪ್ರಾಣಿಗಳ ಸಾವಿನ ಭಾಗಗಳಿವೆ. ಹಾಗಾಗಿ ಅಂದಿನ ಕತೆಯನ್ನು ದೊಡ್ಡವರು ಮೊದಲೇ ಒಮ್ಮೆ ಓದಿಕೊಂಡಿರಬೇಕು. ಈ ಮಾತು ಯಾವ ಪುಸ್ತಕಕ್ಕೂ ಸಲ್ಲುತ್ತದೆ.

ಅಂಗಡಿಯಲ್ಲಿ ಪುಸ್ತಕವನ್ನು ಪರೀಕ್ಷಿಸುವುದು ಕಣ್ಣಿನಿಂದಲ್ಲ, ಬಾಯಿಂದ. ನಡುವಿನ ಯಾವುದಾದರೂ ಪುಟ ತೆರೆದು ಒಂದು ಪ್ಯಾರಾ ಮೆಲ್ಲಗೆ ಓದಿಕೊಳ್ಳಿ. ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಅವಸರದ ಅನುವಾದಗಳಲ್ಲಿ ಯಾರು, ಎಲ್ಲಿ, ಯಾವಾಗ, ಯಾಕೆ ಎಲ್ಲವೂ ಒಂದರ ಮೇಲೊಂದು ಪೇರಿಕೊಂಡು, ಆತ ಮಾಡಿದ್ದೇನು ಎಂಬುದು ಐದನೆಯ ಸಾಲಿಗೆ ತಿಳಿಯುತ್ತದೆ. ಪುಟ ನೋಡುವವರು ಹಿಂದಕ್ಕೆ ಕಣ್ಣು ಹಾಯಿಸಬಹುದು. ಕೇಳುವ ಮಗುವಿಗೆ ಆ ಅನುಕೂಲವಿಲ್ಲ. ಕ್ರಿಯಾಪದ ಸಿಗುವ ಮೊದಲೇ ನಿಮ್ಮ ಉಸಿರು ಮುಗಿದರೆ ಆ ಪುಸ್ತಕವನ್ನು ಕಪಾಟಿಗೆ ಹಿಂತಿರುಗಿಸಿ, ಚಿತ್ರಗಳು ಎಷ್ಟೇ ಚೆನ್ನಾಗಿರಲಿ. ಸಂಭಾಷಣೆ ಹೆಚ್ಚಿದ್ದರೆ ಒಳ್ಳೆಯದು. ಯಾರು ಯಾವ ಮಾತಾಡಿದರು ಎಂಬುದು ಕೇಳಿದೊಡನೆ ತಿಳಿಯುವಂತಿರಬೇಕು. ಚಿತ್ರಪುಸ್ತಕವಾದರೆ ತೋಳುದ್ದ ದೂರದಲ್ಲಿ ಹಿಡಿದು ನೋಡಿ. ಮೂರು ತಲೆಗಳು ಒಟ್ಟಿಗೆ ಬಾಗಿದಾಗ ಕಾಣದ ಚಿತ್ರ ಜಗಳಕ್ಕೆ ಕಾರಣವಾಗುತ್ತದೆ.

ಉದ್ದವನ್ನೂ ಲೆಕ್ಕ ಹಾಕಬೇಕು. ಸಾಮಾನ್ಯ ಅಳತೆಯ ಕನ್ನಡ ಪುಸ್ತಕದ ಒಂದು ಪುಟವನ್ನು ಆರಾಮವಾಗಿ, ಧ್ವನಿ ಬದಲಿಸುತ್ತ ಓದಲು ಎರಡೂವರೆ, ಮೂರು ನಿಮಿಷ ಹಿಡಿಯುತ್ತದೆ. ಒಂದು ಗಂಟೆಯಲ್ಲಿ ಪ್ರಶ್ನೆ, ನೀರು, ಜಾಗದ ಜಗಳ ಎಲ್ಲ ಕಳೆದರೆ ಓದಿಗೆ ಉಳಿಯುವುದು 40 ನಿಮಿಷ. ಅಂದರೆ ಹದಿನೈದು ಪುಟದೊಳಗೆ. ಪುಟ್ಟಿಯ ಕಥೆಗೆ ನಾಲ್ಕು ಪುಟ ಹೋದರೆ ದೊಡ್ಡವರದಕ್ಕೆ ಹತ್ತು ಪುಟ. ಮೂವತ್ತು ಪುಟದ ಅಧ್ಯಾಯಗಳಿರುವ ಕಾದಂಬರಿ ಈ ಹೊತ್ತಿಗೆ ಹೊಂದುವುದಿಲ್ಲ. ದಿನವೂ ಅರ್ಧಕ್ಕೆ ಕಡಿದು, ಮರುದಿನ ಹಿಂದಿನದನ್ನು ನೆನಪಿಸುವುದರಲ್ಲೇ ಹೊತ್ತು ಕಳೆಯುತ್ತದೆ.

ಆರಿಸಿದ ಪುಸ್ತಕ ನಾಟಿದೆಯೇ ಎಂದು ತಿಳಿಯುವುದಕ್ಕೆ ಮಕ್ಕಳು ಅಲ್ಲಾಡದೆ ಕೂತಿದ್ದಾರೆಯೇ ಎಂದು ನೋಡಬೇಡಿ. ಪುಟ್ಟಿ ಮಣಿ ಪೋಣಿಸುತ್ತಲೋ ಉರುಳಾಡುತ್ತಲೋ ಚೆನ್ನಾಗಿಯೇ ಕೇಳುತ್ತಾಳೆ. ಒಂದು ಪಾತ್ರದ ಹೆಸರನ್ನು ಬೇಕೆಂದೇ ತಪ್ಪಾಗಿ ಓದಿ. ಯಾರೂ ಆಕ್ಷೇಪಿಸದಿದ್ದರೆ ಪುಸ್ತಕ ಹಿಡಿದಿಲ್ಲ. “ಇನ್ನೆಷ್ಟು ಪುಟ ಇದೆ?” ಎಂದು ಅಕ್ಕ ಕೇಳಿದರೂ ಅದೇ ಅರ್ಥ. ಹೊಸ ಪುಸ್ತಕಕ್ಕೆ ಮೂರು ಸಂಜೆ ಕೊಟ್ಟು ನೋಡಿ, ಆಗದಿದ್ದರೆ ಎತ್ತಿಡಿ. ಎರಡು ವರ್ಷ ಬಿಟ್ಟು ಅದೇ ಪುಸ್ತಕ ಹಿಡಿಸಬಹುದು.

ಪುಸ್ತಕ ತೀರಾ ಚೆನ್ನಾಗಿ ನಾಟಿದರೆ ಅಕ್ಕ ಹಗಲಲ್ಲೇ ಕದ್ದು ಮುಂದಿನ ಅಧ್ಯಾಯ ಓದಿಬಿಡುತ್ತಾಳೆ. ಅದನ್ನು ತಡೆಯಬೇಡಿ. ಮುಂದೇನಾಗುತ್ತದೆಂದು ತಮ್ಮನಿಗೆ ಹೇಳಕೂಡದು ಎಂಬ ಒಂದೇ ಕಟ್ಟುಪಾಡು ಹಾಕಿ, ಅಂದಿನ ರಾತ್ರಿಯ ಓದನ್ನು ಅವಳಿಗೇ ವಹಿಸಿ.