30 ಸೆಕೆಂಡಿನ ಗಡುವು, 8 ನಿಮಿಷದ ಕೆಲಸ

ಒಂದು ಕಲಿಕಾ ಆ್ಯಪ್ ಇದೆ ಎಂದುಕೊಳ್ಳೋಣ. ಮೇಷ್ಟ್ರು ರೆಕಾರ್ಡ್ ಮಾಡಿದ ಪಾಠದ ವಿಡಿಯೊವನ್ನು ಅದಕ್ಕೆ ಏರಿಸುತ್ತಾರೆ. ಹಳ್ಳಿಯ ನಿಧಾನದ ನೆಟ್‌ವರ್ಕಿನಲ್ಲೂ ಪಾಠ ಓಡಬೇಕಾದರೆ ಆ ದೊಡ್ಡ ಫೈಲನ್ನು ಚಿಕ್ಕದಾಗಿ ಪರಿವರ್ತಿಸಬೇಕು. ಒಂದು ಪಾಠಕ್ಕೆ ಸುಮಾರು 8 ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ಮೇಷ್ಟ್ರನ್ನು ಕಾಯಿಸುವಂತಿಲ್ಲ. ಹಾಗಾಗಿ ಆ್ಯಪ್ ‘52ನೇ ಪಾಠವನ್ನು ಪರಿವರ್ತಿಸಿ’ ಎಂಬ ಚೀಟಿಯೊಂದನ್ನು ಕ್ಯೂಗೆ ಹಾಕಿ ತನ್ನ ದಾರಿ ಹಿಡಿಯುತ್ತದೆ. ಹಿಂದೆ ಸಾಲಾಗಿ ನಿಂತಿರುವ ವರ್ಕರ್‌ಗಳು, ಅಂದರೆ ಈ ಕೆಲಸಕ್ಕೆಂದೇ ಓಡುತ್ತಿರುವ ಪ್ರೋಗ್ರಾಮುಗಳು, ಒಂದೊಂದೇ ಚೀಟಿ ತೆಗೆದುಕೊಂಡು ಕೆಲಸ ಮುಗಿಸುತ್ತವೆ.

ಚೀಟಿ ತೆಗೆದುಕೊಂಡ ವರ್ಕರ್ ನಡುವೆ ಸತ್ತರೆ ಏನು ಗತಿ? ಯಂತ್ರ ನಿಲ್ಲಬಹುದು, ಮೆಮೊರಿ ತುಂಬಬಹುದು, ಹೊಸ ಆವೃತ್ತಿ ಹಾಕುವಾಗ ಯಾರಾದರೂ ಅದನ್ನು ನಿಲ್ಲಿಸಬಹುದು. ತೆಗೆದ ಕ್ಷಣವೇ ಚೀಟಿ ಕ್ಯೂನಿಂದ ಅಳಿದುಹೋಗಿದ್ದರೆ 52ನೇ ಪಾಠವನ್ನು ಮತ್ತೆ ಕೇಳುವವರೇ ಇರುವುದಿಲ್ಲ. ಅದಕ್ಕೇ ಅಮೆಜಾನಿನ ಎಸ್‌ಕ್ಯೂಎಸ್‌ನಂಥ ಕ್ಯೂಗಳು ಚೀಟಿಯನ್ನು ಕೊಟ್ಟುಬಿಡುವುದಿಲ್ಲ, ಕೆಲಹೊತ್ತು ಉಳಿದವರ ಕಣ್ಣಿಗೆ ಬೀಳದಂತೆ ಮರೆಮಾಡುತ್ತವೆ. ಕೆಲಸ ಮುಗಿಸಿದ ವರ್ಕರ್ ‘ಇದನ್ನು ಅಳಿಸು’ ಎಂದು ಹೇಳಿದಾಗಷ್ಟೇ ಚೀಟಿ ಹೋಗುತ್ತದೆ. ಗಡುವಿನೊಳಗೆ ಆ ಮಾತು ಬರದಿದ್ದರೆ ಮರೆ ಸರಿದು ಚೀಟಿ ಮತ್ತೆ ಕಾಣಿಸಿಕೊಳ್ಳುತ್ತದೆ, ಇನ್ನೊಬ್ಬರ ಕೈಗೆ ಹೋಗುತ್ತದೆ. ಈ ಗಡುವಿಗೆ ವಿಸಿಬಿಲಿಟಿ ಟೈಮ್‌ಔಟ್ ಎಂದು ಹೆಸರು.

ಎಸ್‌ಕ್ಯೂಎಸ್‌ನಲ್ಲಿ ಯಾರೂ ಏನನ್ನೂ ಬದಲಿಸದಿದ್ದರೆ ಈ ಗಡುವು 30 ಸೆಕೆಂಡ್. ನಮ್ಮ ಪಾಠಕ್ಕೆ ಬೇಕಾದದ್ದು 8 ನಿಮಿಷ.

ಆಗುವುದನ್ನು ಗಡಿಯಾರ ಹಿಡಿದು ನೋಡಬಹುದು. ಬೆಳಿಗ್ಗೆ 10 ಗಂಟೆಗೆ ಮೊದಲನೆಯ ವರ್ಕರ್ ಚೀಟಿ ಹಿಡಿದು ಪರಿವರ್ತನೆ ಶುರು ಮಾಡುತ್ತದೆ. 30 ಸೆಕೆಂಡ್ ಕಳೆದಾಗ ಅದು ಕೆಲಸದಲ್ಲಿ ಮುಳುಗಿರುತ್ತದೆ, ಆರೋಗ್ಯವಾಗಿಯೂ ಇರುತ್ತದೆ. ಕ್ಯೂಗೆ ಅದು ಹೇಗೆ ಗೊತ್ತಾಗಬೇಕು? ಸತ್ತ ವರ್ಕರ್ ಮತ್ತು ಮೌನವಾಗಿ ದುಡಿಯುತ್ತಿರುವ ವರ್ಕರ್ ದೂರದಿಂದ ನೋಡುವವರಿಗೆ ಒಂದೇ ರೀತಿ ಕಾಣುತ್ತವೆ. ಚೀಟಿ ಎರಡನೆಯ ವರ್ಕರ್‌ನ ಕೈಸೇರುತ್ತದೆ. ಇನ್ನೊಂದು 30 ಸೆಕೆಂಡಿಗೆ ಮೂರನೆಯದರ ಕೈಗೆ. ಬಿಡುವಾಗಿರುವ ವರ್ಕರ್‌ಗಳು ಸಾಕಷ್ಟಿದ್ದರೆ, ಮೊದಲನೆಯದು ಕೆಲಸ ಮುಗಿಸುವ ಹೊತ್ತಿಗೆ 16 ವರ್ಕರ್‌ಗಳು ಒಂದೇ ಪಾಠವನ್ನು ಅರೆಯುತ್ತಿರುತ್ತವೆ.

ಇಷ್ಟಕ್ಕೇ ಮುಗಿಯುವುದಿಲ್ಲ ಎಂಬುದು ಅನೇಕರಿಗೆ ತಡವಾಗಿ ತಿಳಿಯುವ ಸಂಗತಿ. ಪ್ರತಿ ಬಾರಿ ಚೀಟಿ ಕೊಡುವಾಗ ಎಸ್‌ಕ್ಯೂಎಸ್ ಅದರೊಂದಿಗೆ ಒಂದು ಹೊಸ ರಸೀದಿಯನ್ನೂ ಕೊಡುತ್ತದೆ. `ReceiptHandle` ಎಂಬುದು ಅದರ ಹೆಸರು. ಅಳಿಸಬೇಕಾದರೆ ತೀರಾ ಇತ್ತೀಚಿನ ರಸೀದಿಯನ್ನೇ ತೋರಿಸಬೇಕು, ಹಳೆಯದನ್ನು ತೋರಿಸಿದರೆ ಚೀಟಿ ಅಳಿಯದೆ ಉಳಿಯಬಹುದು. 10 ಗಂಟೆ 8 ನಿಮಿಷಕ್ಕೆ ಮೊದಲ ವರ್ಕರ್ ಕೆಲಸ ಮುಗಿಸಿ ಬಂದಾಗ ಅದರ ಕೈಯಲ್ಲಿರುವುದು ಏಳೂವರೆ ನಿಮಿಷದ ಹಿಂದೆಯೇ ಗಡುವು ಮೀರಿದ ರಸೀದಿ. ಎರಡನೆಯದರದ್ದೂ ಹಾಗೇ, ಮೂರನೆಯದರದ್ದೂ ಹಾಗೇ. ಕೆಲಸ ಮತ್ತೆ ಮತ್ತೆ ಮುಗಿಯುತ್ತದೆ, ಚೀಟಿ ಮಾತ್ರ ಕ್ಯೂನಲ್ಲೇ ಉಳಿಯುತ್ತದೆ.

ಇದಕ್ಕಿಂತ ದಾರಿ ತಪ್ಪಿಸುವ ರೂಪ ಇನ್ನೊಂದಿದೆ. ಎಷ್ಟು ಸಲ ಕೊಟ್ಟರೂ ಮುಗಿಯದ ಚೀಟಿಯನ್ನು ಪಕ್ಕಕ್ಕಿಡಲು ಡೆಡ್ ಲೆಟರ್ ಕ್ಯೂ ಎಂಬ ಬೇರೊಂದು ಕ್ಯೂ ಇಟ್ಟುಕೊಳ್ಳುವುದು ವಾಡಿಕೆ. ಮಿತಿ 3 ಎಂದು ಇಟ್ಟಿದ್ದರೆ, ಮೂರು ವರ್ಕರ್‌ಗಳ ಗಡುವು ಮೀರುತ್ತಲೇ ಚೀಟಿ ಅಲ್ಲಿಗೆ ಹೋಗುತ್ತದೆ. ಬೆಳಿಗ್ಗೆ ಬಂದ ಇಂಜಿನಿಯರ್ ಅದನ್ನು ನೋಡಿ ವಿಡಿಯೊ ಕೆಟ್ಟಿದೆ ಎಂದುಕೊಳ್ಳುತ್ತಾರೆ, ಫೈಲನ್ನು ಬಿಚ್ಚಿ ಪರೀಕ್ಷಿಸುತ್ತಾರೆ, ಪರಿವರ್ತಿಸುವ ಪ್ರೋಗ್ರಾಮನ್ನು ಶಂಕಿಸುತ್ತಾರೆ. ಅತ್ತ ಆ್ಯಪಿನಲ್ಲಿ ಅದೇ ಪಾಠ ಚೆನ್ನಾಗಿ ಓಡುತ್ತಿರುತ್ತದೆ. ವಿಫಲವಾದದ್ದು ಕೆಲಸವಲ್ಲ, ಗಡುವು.

ಪತ್ತೆ ಹಚ್ಚುವ ದಾರಿ ಕಷ್ಟದ್ದೇನಲ್ಲ. ಪ್ರತಿ ಚೀಟಿಯನ್ನು ಎಷ್ಟನೇ ಸಲ ಕೊಡಲಾಗುತ್ತಿದೆ ಎಂಬ ಅಂದಾಜು ಲೆಕ್ಕವನ್ನು ಎಸ್‌ಕ್ಯೂಎಸ್ `ApproximateReceiveCount` ಎಂಬ ಹೆಸರಿನಲ್ಲಿ ಇಟ್ಟಿರುತ್ತದೆ. ಕೇಳಿದರೆ ಚೀಟಿಯ ಜೊತೆಗೇ ಕೊಡುತ್ತದೆ. ವರ್ಕರ್ ಕೆಲಸ ಶುರು ಮಾಡುವಾಗ ಈ ಸಂಖ್ಯೆಯನ್ನೂ `MessageId`ಯನ್ನೂ ಲಾಗಿನಲ್ಲಿ ಬರೆದಿಟ್ಟರೆ ಸಾಕು. ಒಂದೇ ಐಡಿ ಸರಿಯಾಗಿ 30 ಸೆಕೆಂಡಿಗೊಮ್ಮೆ ಬೇರೆ ಬೇರೆ ವರ್ಕರ್‌ಗಳ ಲಾಗಿನಲ್ಲಿ ಕಾಣಿಸಿಕೊಂಡರೆ ಅನುಮಾನಕ್ಕೆ ಎಡೆಯಿಲ್ಲ. ನಿಜವಾದ ದೋಷಗಳು ಹೀಗೆ ಗಡಿಯಾರದ ತಾಳಕ್ಕೆ ಬರುವುದು ಅಪರೂಪ.

ಗಡುವನ್ನೇ ದೊಡ್ಡದು ಮಾಡಿದರಾಯಿತಲ್ಲ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಪರಿಹಾರ. ಎಸ್‌ಕ್ಯೂಎಸ್ ಗರಿಷ್ಠ 12 ಗಂಟೆ ಬಿಡುತ್ತದೆ. ಅಷ್ಟನ್ನೂ ಇಟ್ಟುಬಿಟ್ಟರೆ ಎರಡು ಕೈಗೆ ಹೋಗುವ ಕಾಟ ತಪ್ಪುತ್ತದೆ, ನಿಜ. ಆದರೆ 10 ಗಂಟೆಗೆ ಚೀಟಿ ಹಿಡಿದ ವರ್ಕರ್ 10 ಗಂಟೆ 2 ನಿಮಿಷಕ್ಕೆ ಸತ್ತರೆ, ಆ ಪಾಠವನ್ನು ರಾತ್ರಿ 10ರವರೆಗೆ ಯಾರೂ ಮುಟ್ಟುವುದಿಲ್ಲ. ಕ್ಯೂನಲ್ಲಿ ಕಾಣದ, ಕೆಲಸವೂ ಆಗದ ಚೀಟಿ ಅದು. ಅತ್ತ ಮೇಷ್ಟ್ರು ‘ಪ್ರಕ್ರಿಯೆಯಲ್ಲಿದೆ’ ಎಂಬ ಸಾಲನ್ನು ಇಡೀ ದಿನ ನೋಡುತ್ತಾ ಕೂರಬೇಕು. ಗಡುವು ಚಿಕ್ಕದಾದಷ್ಟೂ ಬದುಕಿರುವವರ ಕೈಯಿಂದ ಕೆಲಸ ಕಿತ್ತುಕೊಳ್ಳುತ್ತದೆ, ದೊಡ್ಡದಾದಷ್ಟೂ ಸತ್ತವರ ಕೈಯಲ್ಲಿ ಕೆಲಸ ಸಿಕ್ಕಿಬೀಳುತ್ತದೆ.

ಅನುಭವಸ್ಥರು ಆರಿಸಿಕೊಳ್ಳುವುದು ಲೈಬ್ರರಿಯ ದಾರಿಯನ್ನು. ಪುಸ್ತಕ ಓದಿ ಮುಗಿದಿಲ್ಲವೆಂದರೆ ವಾಯಿದೆ ಮುಗಿಯುವ ಮೊದಲೇ ಹೋಗಿ ನವೀಕರಿಸಿಕೊಂಡು ಬರುವುದು. ಗಡುವನ್ನು 2 ನಿಮಿಷಕ್ಕೆ ಇಟ್ಟು, ಕೆಲಸ ನಡೆದಿರುವಷ್ಟು ಹೊತ್ತೂ 40 ಸೆಕೆಂಡಿಗೊಮ್ಮೆ ವರ್ಕರ್ ಕ್ಯೂಗೆ ಹೀಗೆ ಹೇಳುತ್ತದೆ:

```python
sqs.change_message_visibility(
    QueueUrl=url,
    ReceiptHandle=handle,
    VisibilityTimeout=120)
```

ಇದನ್ನು ಹಾರ್ಟ್‌ಬೀಟ್ ಎನ್ನುತ್ತಾರೆ. ಇಲ್ಲಿನ 120 ಉಳಿದ ಸಮಯಕ್ಕೆ ಸೇರುವ ಕೂಡಿಕೆಯಲ್ಲ, ಈ ಕ್ಷಣದಿಂದ ಹೊಸದಾಗಿ 120 ಸೆಕೆಂಡ್ ಎಂದು ಅರ್ಥ. 40 ಸೆಕೆಂಡನ್ನು ಆರಿಸಿದ್ದಕ್ಕೂ ಕಾರಣವಿದೆ: ನೆಟ್‌ವರ್ಕ್ ತೊದಲಿ ಒಂದು ಬಡಿತ ತಪ್ಪಿದರೂ ಗಡುವಿನೊಳಗೆ ಮತ್ತೊಂದಕ್ಕೆ ಅವಕಾಶ ಉಳಿಯುತ್ತದೆ. ವರ್ಕರ್ ಸತ್ತರೆ ಬಡಿತ ನಿಲ್ಲುತ್ತದೆ, ಹೆಚ್ಚೆಂದರೆ 2 ನಿಮಿಷದಲ್ಲಿ ಚೀಟಿ ಬೇರೊಬ್ಬರಿಗೆ ಕಾಣುತ್ತದೆ. ಎಷ್ಟು ಸಲ ನವೀಕರಿಸಿದರೂ ಚೀಟಿ ಕೈಗೆ ಬಂದಾಗಿನಿಂದ ಒಟ್ಟು 12 ಗಂಟೆ ಮೀರುವಂತಿಲ್ಲ. ಅದಕ್ಕಿಂತ ಉದ್ದದ ಕೆಲಸವನ್ನು ತುಂಡು ಮಾಡಿಯೇ ಕ್ಯೂಗೆ ಹಾಕಬೇಕು.

ಬಡಿತವನ್ನು ಎಲ್ಲಿಂದ ಕಳುಹಿಸಬೇಕು ಎಂಬಲ್ಲಿ ಎಚ್ಚರ ಬೇಕು. ಪಕ್ಕದಲ್ಲಿ ಬೇರೊಂದು ಥ್ರೆಡ್ ತೆರೆದು ಕಣ್ಣುಮುಚ್ಚಿ 40 ಸೆಕೆಂಡಿಗೊಮ್ಮೆ ಬಡಿಯುತ್ತಿದ್ದರೆ, ಮುಖ್ಯ ಕೆಲಸ ಎಲ್ಲೋ ಸಿಕ್ಕಿಕೊಂಡು ಒಂದು ಫ್ರೇಮೂ ಮುಂದೆ ಹೋಗದಿದ್ದರೂ ಕ್ಯೂಗೆ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಹಾಗಾಗಿ ಕಳೆದ ಬಡಿತದ ನಂತರ ವಿಡಿಯೊ ಒಂದಿಷ್ಟಾದರೂ ಮುಂದೆ ಹೋಗಿದ್ದರೆ ಮಾತ್ರ ಮುಂದಿನ ಬಡಿತ ಎಂಬ ನಿಯಮ ಹಾಕುವುದು ಒಳ್ಳೆಯದು.

ಈ ತೊಂದರೆ ಎಸ್‌ಕ್ಯೂಎಸ್‌ಗೆ ಮಾತ್ರ ಅಂಟಿಕೊಂಡದ್ದಲ್ಲ. ಪೈಥಾನ್ ಬಳಸುವವರಲ್ಲಿ ಜನಪ್ರಿಯವಾದ ಸೆಲರಿಯನ್ನು ರೆಡಿಸ್ ಜೊತೆ ಓಡಿಸಿದಾಗ ಇದೇ ಗಡುವು ತಾನಾಗಿ 1 ಗಂಟೆ ಇರುತ್ತದೆ. ‘8 ಗಂಟೆ ಬಿಟ್ಟು ಈ ನೆನಪೋಲೆ ಕಳುಹಿಸು’ ಎಂದು ಬೆಳಿಗ್ಗೆ ಹೇಳಿಟ್ಟರೆ, ವರ್ಕರ್ ಆ ಕೆಲಸವನ್ನು ಕೈಯಲ್ಲಿ ಹಿಡಿದುಕೊಂಡು ಸಮಯಕ್ಕಾಗಿ ಕಾಯುತ್ತದೆ. ಗಂಟೆ ಕಳೆದಾಗ ಗಡುವು ಮೀರಿ ಅದೇ ಕೆಲಸ ಇನ್ನೊಂದು ವರ್ಕರ್‌ಗೂ ಹೋಗುತ್ತದೆ. ಸಂಜೆ ಎಲ್ಲರ ಸಮಯವೂ ಒಟ್ಟಿಗೆ ಬಂದು, ಗ್ರಾಹಕನಿಗೆ ಒಂದೇ ನೆನಪೋಲೆ ಹಲವು ಸಲ ತಲುಪುತ್ತದೆ.

ಗಡುವಿಗೆ ಕಟ್ಟಿದ ಹಕ್ಕು ಎಂಬ ಈ ವಿಚಾರ ಹಳೆಯದು. 1989ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ಯಾರಿ ಗ್ರೇ ಮತ್ತು ಡೇವಿಡ್ ಚೆರಿಟನ್ ಇದನ್ನು ‘ಲೀಸ್’ ಎಂದು ಕರೆದು ಪ್ರಬಂಧ ಬರೆದರು. ಹಲವು ಕಂಪ್ಯೂಟರ್‌ಗಳು ಒಂದೇ ಫೈಲಿನ ನಕಲು ಇಟ್ಟುಕೊಂಡಾಗ ಗೊಂದಲವಾಗದಂತೆ ಮಾಡುವುದು ಅವರ ಗುರಿಯಾಗಿತ್ತು. ಬೀಗ ಹಾಕಿಕೊಂಡವನು ಸತ್ತರೆ ಬೀಗ ತೆರೆಯುವವರಿಲ್ಲ, ಲೀಸಾದರೆ ವಾಯಿದೆ ತೀರಿದಾಗ ತಾನಾಗಿ ಬಿಟ್ಟುಹೋಗುತ್ತದೆ.

ಹಾರ್ಟ್‌ಬೀಟ್ ಇದ್ದರೂ ಮುಚ್ಚದ ಒಂದು ಕಿಂಡಿ ಉಳಿದೇ ಇರುತ್ತದೆ. ಮೊದಲ ವರ್ಕರ್ ಓಡುತ್ತಿರುವ ಯಂತ್ರವೇ 3 ನಿಮಿಷ ಸ್ತಬ್ಧವಾಯಿತು ಎನ್ನೋಣ. ವರ್ಚುವಲ್ ಯಂತ್ರಗಳು ಹೀಗೆ ನಿಂತು ಮತ್ತೆ ಓಡುವುದುಂಟು. ಗಡುವು ಮೀರಿ ಎರಡನೆಯ ವರ್ಕರ್ ಕೆಲಸ ಕೈಗೆತ್ತಿಕೊಂಡಿದೆ. ಮೊದಲನೆಯದು ಎಚ್ಚರಗೊಂಡಾಗ ನಡುವೆ ಸಮಯ ಕಳೆದದ್ದೇ ಅದಕ್ಕೆ ಗೊತ್ತಿಲ್ಲ. ನಿಂತಲ್ಲಿಂದ ಮುಂದುವರಿದು ಫಲಿತಾಂಶವನ್ನು ಬರೆಯಲು ಹೋಗುತ್ತದೆ. ಬರೆಯುವ ಮುನ್ನ ಗಡಿಯಾರ ನೋಡಿಕೊಂಡರೂ ಸಾಲದು, ನೋಡಿದ್ದಕ್ಕೂ ಬರೆಯುವುದಕ್ಕೂ ನಡುವೆಯೇ ಯಂತ್ರ ನಿಲ್ಲಬಹುದು.

ಇಲ್ಲಿ ಕಾವಲನ್ನು ಫಲಿತಾಂಶ ಸೇರುವ ಜಾಗದಲ್ಲೇ ಇಡಬೇಕು. ಗೂಗಲ್ 2006ರಲ್ಲಿ ವಿವರಿಸಿದ ಚಬ್ಬಿ ಎಂಬ ವ್ಯವಸ್ಥೆಯಲ್ಲಿ ಇದಕ್ಕೆ ಸೀಕ್ವೆನ್ಸರ್ ಎಂಬ ಏರ್ಪಾಡಿತ್ತು. 2016ರಲ್ಲಿ ಮಾರ್ಟಿನ್ ಕ್ಲೆಪ್‌ಮನ್ ಬರೆದ ಲೇಖನದ ನಂತರ ಫೆನ್ಸಿಂಗ್ ಟೋಕನ್ ಎಂಬ ಹೆಸರು ಹೆಚ್ಚು ಬಳಕೆಗೆ ಬಂತು. ಮಾಡುವುದಿಷ್ಟೇ: ಪಾಠವನ್ನು ಯಾವ ವರ್ಕರ್ ಕೈಗೆತ್ತಿಕೊಂಡರೂ ಡೇಟಾಬೇಸಿನಲ್ಲಿ ಆ ಪಾಠದ ಮುಂದಿರುವ ಅಂಕಿಯನ್ನು ಒಂದು ಹೆಚ್ಚಿಸಿ, ಹೆಚ್ಚಿದ ಅಂಕಿಯನ್ನು ತನ್ನ ಟೋಕನ್ನಾಗಿ ಇಟ್ಟುಕೊಳ್ಳುತ್ತದೆ. ಮೊದಲನೆಯದಕ್ಕೆ 7, ನಂತರ ಬಂದದ್ದಕ್ಕೆ 8. ಮುಗಿಸಿದವರು ಹೀಗೆ ಬರೆಯಬೇಕು:

```sql
UPDATE jobs
SET status = 'done', file = :file
WHERE id = 52 AND token = :token;
```

ಎಚ್ಚರಗೊಂಡ ಮೊದಲ ವರ್ಕರ್ 7 ಹಿಡಿದುಕೊಂಡು ಬಂದರೆ ಡೇಟಾಬೇಸಿನಲ್ಲಿ ಇರುವುದು 8. ಒಂದು ಸಾಲೂ ಬದಲಾಗುವುದಿಲ್ಲ. ‘0 ಸಾಲು’ ಎಂಬ ಉತ್ತರ ನೋಡಿ ಕೆಲಸ ತನ್ನ ಕೈಬಿಟ್ಟಿದೆ ಎಂದು ಅದು ತಿಳಿದುಕೊಳ್ಳಬೇಕು. ವಿಡಿಯೊ ಫೈಲಿಗೂ ಇದೇ ಎಚ್ಚರ ಸಲ್ಲುತ್ತದೆ. ಇಬ್ಬರೂ `lesson-52.mp4` ಎಂಬ ಒಂದೇ ಹೆಸರಿಗೆ ಬರೆದರೆ ಒಬ್ಬರದ್ದರ ಮೇಲೆ ಇನ್ನೊಬ್ಬರದ್ದು ಬಿದ್ದು ಹಾಳಾದೀತು. `lesson-52-7.mp4`, `lesson-52-8.mp4` ಎಂದು ಟೋಕನ್ ಸೇರಿಸಿ ಬೇರೆ ಬೇರೆ ಬರೆದರೆ, ಯಾವುದು ಅಸಲಿ ಎಂಬುದನ್ನು ಮೇಲಿನ ಸಾಲೊಂದೇ ತೀರ್ಮಾನಿಸುತ್ತದೆ.

ಹೊರಗೆ ಹೋಗಿಬಿಟ್ಟ ಎಸ್‌ಎಂಎಸ್ಸನ್ನು ಮಾತ್ರ ಯಾವ ಟೋಕನ್ನೂ ಹಿಂದಕ್ಕೆ ಕರೆಯಲಾರದು. ಅದಕ್ಕಾಗಿ ‘ನಿಮ್ಮ ಪಾಠ ಸಿದ್ಧವಾಗಿದೆ’ ಎಂಬ ಸಂದೇಶವನ್ನು ಪರಿವರ್ತಿಸುವ ವರ್ಕರ್ ತಾನೇ ಕಳುಹಿಸಬಾರದು. ಮೇಲಿನ ಬದಲಾವಣೆ ‘1 ಸಾಲು’ ಎಂದು ಉತ್ತರಿಸಿದಾಗ, ಅದೇ ವಹಿವಾಟಿನೊಳಗೆ ಕಳುಹಿಸಬೇಕಾದ ಸಂದೇಶಗಳ ಪಟ್ಟಿಗೆ ಒಂದು ಸಾಲು ಸೇರಿಸಿ ಸುಮ್ಮನಾಗಬೇಕು. ಆ ಪಟ್ಟಿಯನ್ನು ಓದಿ ಕಳುಹಿಸುವುದು ಬೇರೊಂದು ವರ್ಕರ್‌ನ ಪಾಲು. ಆ ವರ್ಕರ್ ಎಸ್‌ಎಂಎಸ್ ಕಳುಹಿಸಿದ ಮೇಲೆ, ಕಳುಹಿಸಿದೆ ಎಂದು ಗುರುತು ಹಾಕುವ ಮೊದಲೇ ಸತ್ತರೆ ಮೇಷ್ಟ್ರ ಫೋನಿಗೆ ಅದೇ ಸಂದೇಶ ಎರಡನೇ ಸಲ ಬರುವ ಸಾಧ್ಯತೆ ಆಗಲೂ ಉಳಿಯುತ್ತದೆ.