ಕೋಟಿಯ ನಕ್ಷೆಯಲ್ಲಿ ಹತ್ತು ಪಟ್ಟು ತಪ್ಪು

ನಗರಸಭೆಯೊಂದರ ಆಸ್ತಿ ತೆರಿಗೆ ವಸೂಲಿಯ ವಿವರ ಪ್ರತಿ ತಿಂಗಳೂ ದತ್ತಕೋಶದಿಂದ ಎಕ್ಸೆಲ್ ಹಾಳೆಗೆ ಇಳಿಯುತ್ತದೆ ಎಂದುಕೊಳ್ಳೋಣ. ಅಲ್ಲಿ ಒಂದು ವಲಯದ ವಸೂಲಿ 32500000 ಎಂದು ಬರಿಯ ಅಂಕಿಯಾಗಿ ದಾಖಲಾಗಿದೆ. ಸಭೆಗೆ ಒಯ್ಯುವ ನಕ್ಷೆಯಲ್ಲಿ ಅದು 3.25 ಕೋಟಿ ಎಂದು ಕಾಣಬೇಕು.

ಇಲ್ಲಿಯೇ ಅನೇಕರು ಎಡವುತ್ತಾರೆ. ಅವರು ಬಳಸುವ ಸಂಖ್ಯಾ ವಿನ್ಯಾಸ ಹೀಗಿರುತ್ತದೆ:

```
0.00,," ಕೋಟಿ"
```

ಇದರಲ್ಲಿನ ಪ್ರತಿಯೊಂದು ಅಲ್ಪವಿರಾಮವೂ ಸಂಖ್ಯೆಯನ್ನು ಸಾವಿರದಿಂದ ಭಾಗಿಸುತ್ತದೆ. ಎರಡು ಅಲ್ಪವಿರಾಮಗಳೆಂದರೆ ಹತ್ತು ಲಕ್ಷದಿಂದ ಭಾಗಿಸಿದಂತೆ. ಪರಿಣಾಮವಾಗಿ ನಕ್ಷೆಯಲ್ಲಿ "32.50 ಕೋಟಿ" ಎಂದು ಮೂಡುತ್ತದೆ. ವಸೂಲಿ ಹತ್ತು ಪಟ್ಟು ಹಿಗ್ಗಿದರೂ ಕಂಬಗಳ ಎತ್ತರದ ಅನುಪಾತ ಬದಲಾಗದ ಕಾರಣ ನೋಡುವವರಿಗೆ ಸಂಶಯ ಬಾರದು.

ಮೂಲದ ಅಂಕಿಗಳನ್ನೇ ಕೋಟಿಯಿಂದ ಭಾಗಿಸಿ ಬರೆದಿಡುವುದೂ ಪರಿಹಾರವಲ್ಲ. ಮುಂದಿನ ತಿಂಗಳು ದತ್ತಾಂಶ ನವೀಕರಣಗೊಂಡಾಗ ಹಳೆಯ ದೊಡ್ಡ ಅಂಕಿಗಳೇ ಮರಳಿ ಬರುತ್ತವೆ. TEXT ಸೂತ್ರದಿಂದ "3.25 ಕೋಟಿ" ಎಂದು ಬರೆಸಿದರೆ ಅದು ಸಂಖ್ಯೆಯಾಗಿ ಉಳಿಯದೆ ಅಕ್ಷರವಾಗುತ್ತದೆ; ನಕ್ಷೆ ಅದನ್ನು ಸೊನ್ನೆ ಎಂದು ಪರಿಗಣಿಸುತ್ತದೆ.

ಸರಿಯಾದ ದಾರಿ ನಕ್ಷೆಯ ಅಕ್ಷದಲ್ಲಿಯೇ ಇದೆ. ಮೊತ್ತ ತೋರಿಸುವ ಲಂಬ ಅಕ್ಷದ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ Format Axis ತೆರೆದುಕೊಳ್ಳುತ್ತದೆ. ಅದರ Axis Options ಭಾಗದ Display units ಪಟ್ಟಿಯಲ್ಲಿ ಲಕ್ಷ, ಕೋಟಿ ಎಂಬ ಹೆಸರುಗಳಿಲ್ಲದಿದ್ದರೂ ಅವುಗಳ ಅಂಕಿಗಳಿವೆ. ಲಕ್ಷಕ್ಕೆ 100000, ಕೋಟಿಗೆ 10000000 ಆರಿಸಬೇಕು. ಬಳಿಕ ಅಕ್ಷದ ಪಕ್ಕದಲ್ಲಿ ಮೂಡುವ ಮಾನದ ಶೀರ್ಷಿಕೆಯನ್ನು ತಿದ್ದಿ "ಕೋಟಿ ರೂ." ಎಂದು ಬರೆಯಬಹುದು. ಕಂಬಗಳ ಮೇಲಿನ ಅಂಕಿಗಳೂ ಇದೇ ಮಾನವನ್ನು ಅನುಸರಿಸುತ್ತವೆ. ಈ ಆಯ್ಕೆ ಅಕ್ಷಕ್ಕೆ ಸೇರಿದ್ದು, ದತ್ತಾಂಶಕ್ಕಲ್ಲ. ಆದ್ದರಿಂದ ಅಂಕಿಗಳು ಬದಲಾದರೂ ಮಾನ ಉಳಿಯುತ್ತದೆ.

ಆದರೆ ಈ ಮಾನ ತಾನಾಗಿ ಬದಲಾಗದು ಎಂಬುದೇ ಇದರ ಮಿತಿ. ವಲಯಗಳ ಬದಲು ವಾರ್ಡುಗಳನ್ನು ಆರಿಸಿದಾಗ 480000 ರೂಪಾಯಿಯ ವಸೂಲಿ 0.05 ಕೋಟಿಯಾಗಿ ಕುಗ್ಗುತ್ತದೆ; 520000 ರೂಪಾಯಿಯೂ 0.05 ಎಂದೇ ಕಾಣುತ್ತದೆ. ಎರಡರ ನಡುವಿನ 40 ಸಾವಿರದ ಅಂತರ ಅಂಕಿಯಲ್ಲಿ ಮಾಯವಾಗುತ್ತದೆ. ಇಂತಹ ನಕ್ಷೆಗೆ ಲಕ್ಷದ ಮಾನವೇ ಲೇಸು. ಆಗ ಅವು 4.80 ಮತ್ತು 5.20 ಆಗುತ್ತವೆ, ವಲಯದ ಮೊತ್ತ 325.00 ಲಕ್ಷವಾದರೂ ಓದಲು ತೊಡಕಿಲ್ಲ. ಮಾನ ಬದಲಿಸಿದಾಗ ಕೈಯಿಂದ ಬರೆದ ಶೀರ್ಷಿಕೆಯನ್ನೂ ಪರಿಶೀಲಿಸಬೇಕು, ಅದರಲ್ಲಿ ಹಳೆಯ "ಕೋಟಿ" ಉಳಿದಿದ್ದರೆ ಈ ಬಾರಿ ತಪ್ಪು ನೂರು ಪಟ್ಟು.

ಪರೀಕ್ಷೆ ಸುಲಭ. ನವೀಕರಣದ ನಂತರ ಒಂದು ಕಂಬದ ಅಂಕಿಯನ್ನು ಮೂಲದ ಹಾಳೆಯೊಂದಿಗೆ ಹೋಲಿಸಬೇಕು. ಮೂಲದ ಸಂಖ್ಯೆಯಲ್ಲಿ ಬಲದಿಂದ ಏಳು ಸ್ಥಾನ ಎಣಿಸಿ ಬಿಂದು ಇಟ್ಟರೆ ಕೋಟಿ, ಐದು ಸ್ಥಾನಕ್ಕೆ ಇಟ್ಟರೆ ಲಕ್ಷ.